ಸಹಿ ಹದಿನಾರು, ತಲೆ ಹತ್ತು

ನಮ್ಮ ಕನ್ನಡ ಸಂಘದ ಸಮಿತಿಯಲ್ಲಿ 24 ಜನ ಇದ್ದೇವೆ. ನಮ್ಮ ನಿಯಮದ ಪ್ರಕಾರ ಕೋರಂ ಅಂದರೆ ಅರ್ಧ, 12. ಮೊನ್ನೆಯ ಸಭೆ ಮುಗಿದಾಗ ಹಾಜರಿ ಪುಸ್ತಕದಲ್ಲಿ 16 ಸಹಿ ಇದ್ದವು. ಎಲ್ಲಾ ಸರಿ ಐತಿ ಅಂತ ಪುಸ್ತಕ ಮುಚ್ಚಿದೆವು. ಸರಿ ಇರಲಿಲ್ಲ.

ನಡೆದದ್ದು ಇಷ್ಟು. ನಾಲ್ಕು ಗಂಟೆಗೆ 13 ಜನ ಇದ್ದೆವು, ಮೊದಲ ಠರಾವು ಪಾಸಾಯಿತು. 4:40ಕ್ಕೆ ಸಿರಸಂಗಿ ಕಡೆಯ ಮೂವರು ಸವದತ್ತಿ ಬಸ್ ತಪ್ಪತೈತಿ ಅಂತ ಎದ್ದು ಹೋದರು. ಉಳಿದವರು 10. ಆಗಲೇ ಎರಡನೇ ಠರಾವು ಬಂತು: ಸಿರಸಂಗಿ ಕಾಳಿಕಾದೇವಿ ಗುಡಿ ಮತ್ತು ಲಿಂಗರಾಜರ ವಾಡೆ ನೋಡಲು ಹೋಗುವ ಪ್ರವಾಸದ ಬಸ್ ಬಾಡಿಗೆ. 6-4ರಲ್ಲಿ ಪಾಸ್. 5:15ಕ್ಕೆ ಲ್ಯಾಬ್ ಮುಗಿಸಿ ಮೂವರು ಬಂದು ಸಹಿ ಹಾಕಿದರು. ಮತ್ತೆ 13 ಆಯಿತು, ಮೂರನೇ ಠರಾವೂ ಪಾಸ್.

ಮೊದಲನೆಯದೂ ಮೂರನೆಯದೂ ಗಟ್ಟಿ. ಎರಡನೆಯದಕ್ಕೆ ಮಾತ್ರ ಕೋರಂ ಇರಲಿಲ್ಲ. ತಡವಾಗಿ ಬಂದವರ ಸಹಿ ಹಿಂದಿನ ಮತಕ್ಕೆ ಕೋರಂ ತುಂಬುವುದಿಲ್ಲ. ಬೇಗ ಹೋದವರ ಸಹಿ ಮುಂದಿನ ಮತಕ್ಕೆ ಲೆಕ್ಕಕ್ಕಿಲ್ಲ. ಒಳಗೆ ಬಂದವರನ್ನಷ್ಟೇ ಎಣಿಸಿ, ಹೊರಗೆ ಹೋದವರನ್ನು ಕಳೆಯದ ಸೆನ್ಸರ್ ಹೇಗೋ, ಹಾಜರಿ ಪುಸ್ತಕವೂ ಹಾಗೇ.

ಮರುದಿನ ಆ ಮೂವರಲ್ಲಿ ಒಬ್ಬ ಕೇಳಿದ: "ಬಾಡಿಗೆ ಭಾಳ ಆತಲ್ರೋ, ನಮ್ಮನ್ನ ಯಾಕ ಕೇಳಲಿಲ್ಲ?" ಮೂವರೂ ಇದ್ದು ಬೇಡ ಅಂದಿದ್ದರೆ 6-7 ಆಗಿ ಠರಾವು ಬಿದ್ದೇ ಹೋಗುತ್ತಿತ್ತು. ಆ ಊರಿನ ದಾರಿ ಬಲ್ಲವರೇ ಇಲ್ಲದಾಗ ಅದರ ಖರ್ಚು ತೀರ್ಮಾನಿಸಿದ್ದೆವು.

ಇದು ನಮ್ಮೊಬ್ಬರ ಚಿಕ್ಕ ನಿಯಮವಲ್ಲ. ಸಂವಿಧಾನದ 189ನೇ ವಿಧಿ ರಾಜ್ಯದ ಶಾಸನಸಭೆಗೆ ಹೇಳುವುದೂ ಇದನ್ನೇ: ಸಭೆ ನಡೆಯುವಾಗ ಯಾವ ಹೊತ್ತಿನಲ್ಲಾದರೂ ಕೋರಂ ಇಲ್ಲದಿದ್ದರೆ, ಸಭಾಧ್ಯಕ್ಷರು ಸಭೆಯನ್ನು ಮುಂದೂಡಬೇಕು, ಇಲ್ಲವೇ ಕೋರಂ ಆಗುವವರೆಗೆ ನಿಲ್ಲಿಸಬೇಕು. ಅಲ್ಲಿನ ಕೋರಂ ಹತ್ತು ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅದು. 224 ಜನರ ನಮ್ಮ ವಿಧಾನಸಭೆಗೆ 23. ಬೆಳಿಗ್ಗೆ ಎಷ್ಟು ಜನ ಬಂದಿದ್ದರು ಅನ್ನೋದು ಅಲ್ಲಿ ಉತ್ತರವಲ್ಲ.

ಹೀಗೆ ಎಣಿಸಿದರೆ ಸೋಲುವವರು ಬೇಕಂತಲೇ ಎದ್ದು ಹೋಗಿ ಕೋರಂ ಮುರಿಯಬಹುದು ಅಂತ ಕೆಲವರ ವಾದ. ಹೌದು, ಮುರಿಯಬಹುದು. ಆದರೆ ಅರ್ಧ ಸಮಿತಿಯನ್ನೂ ಕೂರಿಸಲಾಗದ ಠರಾವು ಒಂದು ವಾರ ಕಾದರೆ ನಷ್ಟವೇನಿಲ್ಲ. ಮತ ಹಾಕಲು ಮನಸ್ಸಿಲ್ಲದವರು ತಟಸ್ಥರಾಗಿ ಕೂತರೂ ಕೋರಂಗೆ ಲೆಕ್ಕ ಸಿಗುತ್ತದೆ.

ಬಾಡಿಗೆ ಠರಾವನ್ನು ನಾವು ಮುಂದಿನ ಸಭೆಯಲ್ಲಿ ಮತ್ತೆ ಮತಕ್ಕೆ ಇಡುತ್ತಿದ್ದೇವೆ. ಇನ್ಮೇಲೆ ಪುಸ್ತಕದಲ್ಲಿ ಸಹಿಯ ಪಕ್ಕ ಬಂದ ಹೊತ್ತು, ಹೋದ ಹೊತ್ತು ಎರಡೂ ಇರಬೇಕು. ಪ್ರತಿ ಮತಕ್ಕೂ ಮುಂಚೆ ತಲೆ ಎಣಿಸಿ, ನಡಾವಳಿಯಲ್ಲಿ ಆ ಠರಾವಿನ ಕೆಳಗೇ ಬರೆಯಬೇಕು: ಹಾಜರು ಇಷ್ಟು, ಪರ ಇಷ್ಟು, ವಿರೋಧ ಇಷ್ಟು, ತಟಸ್ಥ ಇಷ್ಟು. ಬಸ್ ಹಿಡಿಯುವವರು ಇದ್ದರೆ, ಅವರಿಗೆ ಸಂಬಂಧಿಸಿದ ವಿಷಯವನ್ನೇ ಮೊದಲು ತಗೊಳ್ಳೋಣ.