ನಿದ್ರೆ ಮಾತ್ರೆ ನುಂಗಿದ ಹಿರಿಯರು ಆಸ್ಪತ್ರೆಯಲ್ಲಿ ಬೀಳದಿರಲಿ



ಮನೆಯ ಹಿರಿಯರೊಬ್ಬರು ಆಸ್ಪತ್ರೆಗೆ ಸೇರಿದರೆ ನಾವು ವಿಚಾರಿಸುವುದು ಕಾಯಿಲೆಯನ್ನು, ಖರ್ಚನ್ನು ಮತ್ತು ಮನೆಗೆ ಬಿಡುವ ದಿನವನ್ನು. ಅಲ್ಲಿ ಅವರು ಬೀಳಬಹುದೇ ಎಂದು ಯಾರೂ ಕೇಳುವುದಿಲ್ಲ. ದಮ್ಮಿಗೆಂದು ಕಾಸರಗೋಡಿಗೋ ಮಂಗಳೂರಿಗೋ ಹೋದವರು ಸೊಂಟದ ಮೂಳೆ ಮುರಿದುಕೊಂಡು ಹಿಂತಿರುಗುವುದುಂಟು. ಅದನ್ನು ಹಣೆಬರಹವೆಂದು ಬಿಡುವುದು ಸರಿಯಲ್ಲ. ನಿದ್ರೆ ಮಾತ್ರೆ ತೆಗೆದುಕೊಳ್ಳುವ ಹಿರಿಯರ ವಿಷಯದಲ್ಲಂತೂ ಬೀಳುವ ಹೊತ್ತು ಮತ್ತು ಜಾಗವನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ಹೊತ್ತು ನಡುರಾತ್ರಿ, ಜಾಗ ಹಾಸಿಗೆಗೂ ಶೌಚಾಲಯಕ್ಕೂ ನಡುವಿನ ಹತ್ತು ಹೆಜ್ಜೆ.

ಅನೇಕ ಆಸ್ಪತ್ರೆಗಳಲ್ಲಿ ರೋಗಿ ಸೇರಿದ ಕೂಡಲೇ ನರ್ಸ್ ಒಂದು ಅಂಕಪಟ್ಟಿ ತುಂಬುತ್ತಾರೆ. ಅದಕ್ಕೆ ಮೋರ್ಸ್ ಪಟ್ಟಿ ಎಂದು ಹೆಸರು. ಅದರಲ್ಲಿ ಆರು ಪ್ರಶ್ನೆಗಳಿವೆ. ಇತ್ತೀಚೆಗೆ ಬಿದ್ದಿದ್ದರೆ 25 ಅಂಕ. ಒಂದಕ್ಕಿಂತ ಹೆಚ್ಚು ಕಾಯಿಲೆಯಿದ್ದರೆ 15. ಊರುಗೋಲು ಬಳಸಿದರೆ 15, ಮೇಜು ಕುರ್ಚಿ ಹಿಡಿದು ನಡೆದರೆ 30. ಕೈಯಲ್ಲಿ ಡ್ರಿಪ್ಪಿನ ಸೂಜಿ ಇದ್ದರೆ 20. ನಡಿಗೆ ಬಲಹೀನವಾಗಿದ್ದರೆ 10, ತೀರಾ ಕೆಟ್ಟಿದ್ದರೆ 20. ತನ್ನ ಶಕ್ತಿಯ ಮಿತಿಯನ್ನು ಮರೆತು ನಡೆದುಕೊಳ್ಳುವವರಾದರೆ 15. ಒಟ್ಟು 45 ಅಥವಾ ಮೇಲಾದರೆ ಹೆಚ್ಚಿನ ಅಪಾಯವೆಂದು ಹಲವೆಡೆ ಲೆಕ್ಕ. ಪಟ್ಟಿ ಒಳ್ಳೆಯದೇ. ಆದರೆ ಆ ಆರು ಪ್ರಶ್ನೆಗಳಲ್ಲಿ ಔಷಧಿಯ ಬಗ್ಗೆ ಒಂದೂ ಇಲ್ಲ ಎಂಬುದನ್ನು ಗಮನಿಸಿರಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಡಿಕೆ ತೋಟದ 76 ವರ್ಷದ ಒಬ್ಬ ಅಜ್ಜ. ಹೃದಯದ ತೊಂದರೆಯಿಂದ ಕಾಲು ಬಾತು, ದಮ್ಮು ಬಂದು ಆಸ್ಪತ್ರೆ ಸೇರಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. ಮನೆಯಲ್ಲಿ ಹತ್ತು ವರ್ಷಗಳಿಂದ ರಾತ್ರಿ 5 ಮಿಲಿಗ್ರಾಂ ಡಯಾಜೆಪಾಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಂಜೆ 4 ಗಂಟೆಗೆ ನರ್ಸ್ ಬಂದಾಗ ಅಜ್ಜ ನೆಟ್ಟಗೆ ನಡೆದು ತೋರಿಸುತ್ತಾರೆ. ಹಿಂದೆ ಬಿದ್ದಿಲ್ಲ, ಕೋಲು ಬೇಡ, ಮಾತು ಸ್ಪಷ್ಟ. ಎರಡು ಕಾಯಿಲೆಗೆ 15, ಡ್ರಿಪ್ಪಿಗೆ 20, ಒಟ್ಟು 35. ಹೆಚ್ಚಿನ ಅಪಾಯವಿಲ್ಲವೆಂದು ಚೀಟಿಯಲ್ಲಿ ಬರೆದಾಯಿತು.

ಅದೇ ಅಜ್ಜ ರಾತ್ರಿ 2 ಗಂಟೆಗೆ ಏಳುತ್ತಾರೆ. ಮಾತ್ರೆಯ ಮಂಪರು, ಹೊಸ ಜಾಗ, ಮಬ್ಬು ಬೆಳಕು. ಮಂಚ, ಸ್ಟೂಲು ಹಿಡಿದುಕೊಂಡು ಹೆಜ್ಜೆ ಇಡುತ್ತಾರೆ, ಅದಕ್ಕೆ 30. ಕಾಲು ಎಳೆಯುತ್ತದೆ, 10. ಕರೆಯದೆ ಏಳಬಾರದೆಂದು ಹೇಳಿದ್ದು ನೆನಪಿಲ್ಲ, 15. ಮೊದಲಿನ 35 ಸೇರಿದರೆ 90. ಹತ್ತು ಗಂಟೆಗಳೊಳಗೆ 35 ಇದ್ದದ್ದು 90 ಆಯಿತು, ಆದರೆ ಚೀಟಿಯಲ್ಲಿ ಇನ್ನೂ 35 ಎಂದೇ ಇದೆ. ಕೊಳೆರೋಗಕ್ಕೆ ಒಮ್ಮೆ ಮದ್ದು ಬಿಟ್ಟು ಮಳೆಗಾಲವಿಡೀ ನಿಶ್ಚಿಂತೆಯಿಂದ ಕುಳಿತುಕೊಳ್ಳುವ ಕೃಷಿಕ ನಮ್ಮಲ್ಲಿ ಇಲ್ಲ. ಈ ಅಂಕವೂ ಹಾಗೆಯೇ. ಮಾತ್ರೆ ಕೊಟ್ಟ ಮೊದಲ ರಾತ್ರಿ ಮತ್ತು ಔಷಧಿ ಬದಲಾದಾಗಲೆಲ್ಲ ಅದನ್ನು ಮತ್ತೆ ತುಂಬಬೇಕು. ನಿದ್ರೆ ಮಾತ್ರೆ ಇರುವ ಹಿರಿಯರನ್ನು ಅಂಕ ಎಷ್ಟೇ ಇರಲಿ, ಅಪಾಯದ ಪಟ್ಟಿಗೆ ಸೇರಿಸಬೇಕು. ಇದು ನನ್ನ ಮೊದಲ ಮಾತು.

ಎರಡನೆಯದು ಔಷಧಿಯ ಲೆಕ್ಕ. ಡಯಾಜೆಪಾಂ ಮುದುಕರ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ನಿನ್ನೆ ಮೊನ್ನೆಯ ಮಾತ್ರೆಯ ಅಂಶ ಒಳಗಿರುವಾಗಲೇ ಇಂದಿನದು ಸೇರುತ್ತದೆ. ಅದರ ಮೇಲೆ ಶೀತಕ್ಕೆಂದು, ತುರಿಕೆಗೆಂದು ಮಂಪರು ತರುವ ಇನ್ನೊಂದು ಮಾತ್ರೆ ಬಿದ್ದರೆ ಭಾರ ಇಮ್ಮಡಿಯಾಗುತ್ತದೆ. ಆದ್ದರಿಂದ ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿರಿ. ಸಂಕೋಚದಿಂದ ನಿದ್ರೆ ಮಾತ್ರೆಯನ್ನು ಮುಚ್ಚಿಡಬೇಡಿರಿ. ಹಾಗೆಂದು ನೀವಾಗಿಯೇ ಅದನ್ನು ನಿಲ್ಲಿಸಲೂ ಬೇಡಿರಿ. ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ತಟ್ಟನೆ ನಿಲ್ಲಿಸಿದರೆ ನಡುಕ, ಬುದ್ಧಿಭ್ರಮೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಡಾಕ್ಟರು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಾದ ಔಷಧಿ ಅದು. ಇದುವರೆಗೆ ತೆಗೆದುಕೊಳ್ಳದಿದ್ದ ಹಿರಿಯರಿಗಾದರೋ, ವಾರ್ಡಿನ ಗದ್ದಲದಲ್ಲಿ ನಿದ್ರೆ ಬರಲಿಲ್ಲವೆಂದು ಹೊಸದಾಗಿ ಮಾತ್ರೆ ಕೇಳುವ ಅಭ್ಯಾಸವನ್ನು ನಾವು ಬಿಡಬೇಕು.

ಇನ್ನು ರಾತ್ರಿಯ ಯೋಜನೆ. ನಮ್ಮ ಅಜ್ಜನಿಗೆ ಕಾಲಿನ ಬಾವು ಇಳಿಸಲು ಮೂತ್ರ ಹೋಗುವ ಮಾತ್ರೆಯನ್ನೂ ಕೊಡುತ್ತಾರೆ. ಅದನ್ನು ಸಂಜೆ ಕೊಟ್ಟರೆ ರಾತ್ರಿಯಿಡೀ ಏಳಬೇಕಾಗುತ್ತದೆ. ಬೆಳಗ್ಗೆ ಕೊಡಬಹುದೇ ಎಂದು ಡಾಕ್ಟರನ್ನು ವಿನಯದಿಂದ ಕೇಳಬಹುದು. ನಿದ್ರೆ ಮಾತ್ರೆ ಕೊಡುವ ಮೊದಲೇ ಶೌಚಾಲಯಕ್ಕೆ ಕರೆದೊಯ್ಯಬೇಕು, ನಂತರ ಅಲ್ಲ. ಮೂತ್ರದ ಪಾತ್ರೆ, ಕನ್ನಡಕ, ಕರೆಗಂಟೆ ಕೈಗೆ ಎಟಕುವಂತಿರಬೇಕು. ಮಂಚ ತಗ್ಗಿಸಿ, ಚಕ್ರಗಳಿಗೆ ಬ್ರೇಕು ಹಾಕಿ, ಶೌಚಾಲಯದ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಬೇಕು. ಸವೆದ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ, ಜಾರದ ಚಪ್ಪಲಿ ಬೇಕು.

ಏಳುವಾಗ ಕಣ್ಣು ಕತ್ತಲೆ ಬರುತ್ತದೆಯೇ ಎಂಬುದನ್ನು ಹಗಲಿನಲ್ಲೇ ಪರೀಕ್ಷಿಸಬೇಕು. ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡುತ್ತಾರೆ. ನಿಂತ ಮೇಲೆ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ನೋಡುತ್ತಾರೆ. ಮೇಲಿನ ಅಂಕೆ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಡಾಕ್ಟರಿಗೆ ತಿಳಿಸಬೇಕು. ಅಂಥವರು ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕುಳಿತು, ಇನ್ನೊಬ್ಬರ ಆಸರೆಯಿಂದಲೇ ಏಳಬೇಕು.

ಮಂಚದ ಎರಡೂ ಬದಿಯ ಕಂಬಿ ಎತ್ತಿಬಿಟ್ಟರೆ ಸಾಕೆಂದು ಹಲವರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಮಂಪರಿನಲ್ಲಿರುವ ಹಿರಿಯರು ಕಂಬಿಯನ್ನು ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಕೈಕಾಲು ಕಟ್ಟುವುದು ಅದಕ್ಕಿಂತಲೂ ಕೆಟ್ಟದ್ದು. ಹಗಲಿನಲ್ಲಿ ಜೊತೆಗೊಬ್ಬರು ನಿಂತು ನಾಲ್ಕು ಹೆಜ್ಜೆ ನಡೆಸಬೇಕು. ಸದಾ ಮಲಗಿಸಿಟ್ಟರೆ ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುತ್ತದೆ.

ಬೈಸ್ಟ್ಯಾಂಡರಾಗಿ ನಿಲ್ಲುವ ಮಗ ಅಥವಾ ಸೊಸೆಯ ಮೇಲೆ ಎಲ್ಲವನ್ನೂ ಹೊರಿಸುವುದೂ ನ್ಯಾಯವಲ್ಲ. ಹಗಲಿಡೀ ತೋಟದಲ್ಲಿ ದುಡಿದು ಬಂದವರು ನೆಲದ ಚಾಪೆಯಲ್ಲಿ ನಿದ್ರೆ ಹೋಗುವುದು ಸಹಜ. ಆದ್ದರಿಂದ ರಾತ್ರಿ ಎಷ್ಟು ಗಂಟೆಗೆ ಯಾರು ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ಯುತ್ತಾರೆ ಎಂಬುದನ್ನು ನರ್ಸಿನೊಡನೆ ಸಂಜೆಯೇ ಮಾತಾಡಿ ಬರೆಸಿಕೊಳ್ಳಿರಿ.

ಇಷ್ಟಾದರೂ ಬಿದ್ದರೆ? ಗಾಬರಿಯಿಂದ ಎತ್ತಿ ಕೂರಿಸಬೇಡಿರಿ. ಅಲ್ಲಿಯೇ ಇರಿಸಿ ನರ್ಸನ್ನು ಕೂಗಿರಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಲಕ್ಷಣ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಡಾಕ್ಟರು ತಕ್ಷಣ ನೋಡಲೇಬೇಕು. ಬಳಿಕ ತೂಕಡಿಕೆ ಹೆಚ್ಚಿದರೆ ಅದು ಮಾತ್ರೆಯ ಮಂಪರೆಂದು ಸುಮ್ಮನಿರಬಾರದು, ತಲೆಯೊಳಗಿನ ರಕ್ತಸ್ರಾವವೂ ಆಗಿರಬಹುದು. ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಅಂದೇ ಅಂಕಪಟ್ಟಿಯನ್ನು ಹೊಸದಾಗಿ ತುಂಬಲು, ಮಾತ್ರೆಯನ್ನು ಪುನಃ ಪರಿಶೀಲಿಸಲು ಕೇಳಿಕೊಳ್ಳುವುದು ನಿಮ್ಮ ಹಕ್ಕು.