ಹದಿನಾಲ್ಕು ಸರ್ಟಿಫಿಕೇಟು, ಒಂದೇ ಸಾಲಿನ ಅನುಭವ (ಇಂಗ್ಲೆಂಡ್ ಡೈರಿ – 9)

ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದ್ದೀನಿ, ಖಾರ ಸ್ವಲ್ಪ ಜಾಸ್ತಿಯಾದರೆ ಬೇಜಾರು ಮಾಡ್ಕೋಬೇಡಿ.

ಹೋದ ವಾರ ತಂಗಿ ನಮ್ಮ ಗ್ರೂಪಿಗೆ ಮಗಳ ಹದಿನಾಲ್ಕು ಆನ್‌ಲೈನ್ ಸರ್ಟಿಫಿಕೇಟುಗಳ ಫೋಟೊ ಹಾಕಿದಳು. ಎಲ್ಲರೂ ಚಪ್ಪಾಳೆ ಹೊಡೆದಿರಿ. "ಎಲ್ಲಾ ಫ್ರೀ ಅಲ್ವಾ, ಇನ್ನೂ ಹತ್ತು ಮಾಡಿಸು, ಐಸಿಯು ಕೆಲಸ ಗ್ಯಾರಂಟಿ" ಅಂತ ನಮ್ಮ ಭಾವ ಬೇರೆ ಬರೆದರು. ನಾನು ಸುಮ್ಮನಿದ್ದೆ. ಭಾವ, ನೀವು ಹೇಳಿದ್ದು ತಪ್ಪು. ಅದರಿಂದ ಆ ಹುಡುಗಿಗೆ ನಷ್ಟವೇ ಆಗ್ತಿತ್ತು.

ಪುಟ್ಟಿ ಇಲ್ಲಿಗೆ ಬಂದು ಒಂದು ವರ್ಷ ಆಯ್ತು, ಬೇರೆ ಊರಿನ ಮೆಡಿಕಲ್ ವಾರ್ಡಿನಲ್ಲಿದ್ದಾಳೆ. ಈಗ ಐಸಿಯುಗೆ ಅರ್ಜಿ ಹಾಕ್ತಿದ್ದಾಳೆ. "ದೊಡ್ಡಮ್ಮ, ಒಂದ್ಸಲ ನೋಡಿ" ಅಂತ ಅರ್ಜಿ ಕಳಿಸಿದಳು. ಓದಿ ತಲೆ ಚಚ್ಚಿಕೊಂಡೆ. ಹದಿನಾಲ್ಕು ಕೋರ್ಸಿಗೆ ಹದಿನಾಲ್ಕು ಸಾಲು. ಹಾಸನದಲ್ಲಿ ಮೂರು ವರ್ಷ ವೆಂಟಿಲೇಟರ್ ಮೇಲಿದ್ದ ರೋಗಿಗಳನ್ನ ನೋಡಿಕೊಂಡಿದ್ದಕ್ಕೆ ಒಂದು ಸಾಲು!

ಇಲ್ಲಿ ಅರ್ಜಿ ಹೇಗೆ ನೋಡ್ತಾರೆ ಅಂತ ಹೇಳ್ತೀನಿ. ಪ್ರತಿ ಹುದ್ದೆಯ ಜೊತೆ "ಪರ್ಸನ್ ಸ್ಪೆಸಿಫಿಕೇಶನ್" ಅಂತ ಒಂದು ಪಟ್ಟಿ ಇರುತ್ತೆ. ಇದು ಇರಲೇಬೇಕು, ಇದು ಇದ್ದರೆ ಒಳ್ಳೇದು ಅಂತ ಎರಡು ಭಾಗ. ವಾರ್ಡಿನ ಮ್ಯಾನೇಜರು ಆ ಪಟ್ಟಿಯ ಒಂದೊಂದು ಅಂಶಕ್ಕೂ ಅರ್ಜಿಯಲ್ಲಿ ಪುರಾವೆ ಹುಡುಕಿ ಅಂಕ ಕೊಡ್ತಾರೆ. "ಹದಗೆಡುತ್ತಿರುವ ರೋಗಿಯನ್ನು ಗುರುತಿಸಿ ಕ್ರಮ ಕೈಗೊಳ್ಳಬಲ್ಲರು" ಅಂತ ಪಟ್ಟಿಯಲ್ಲಿದ್ದರೆ, "ನಾಲ್ಕು ಗಂಟೆಯ ವೆಂಟಿಲೇಟರ್ ಕೋರ್ಸ್ ಮುಗಿಸಿದ್ದೇನೆ" ಅನ್ನೋ ಸಾಲಿಗೆ ಏನು ಅಂಕ ಕೊಡೋದು? ಬಹಳಷ್ಟು ಫ್ರೀ ಕೋರ್ಸಿನ ಕಾಗದದ ಮೇಲೆ, ಕಣ್ಣು ಬಿಟ್ಟು ಓದಿದರೆ, ಭಾಗವಹಿಸಿದ್ದಾರೆ ಅಂತ ಮಾತ್ರ ಇರುತ್ತೆ. ಕೊನೆಯ ಪ್ರಶ್ನೆಗಳಿಗೆ ತಪ್ಪು ಉತ್ತರ ಒತ್ತಿದರೆ ಮತ್ತೆ ಒತ್ತಬಹುದು. ಒತ್ತಿದ್ದು ಇವಳೋ ಇವಳ ತಮ್ಮನೋ ಯಾರಿಗೆ ಗೊತ್ತು?

ಇಮ್ಮಿಡಿಯೆಟ್ ಲೈಫ್ ಸಪೋರ್ಟ್ ಅನ್ನೋ ಕೋರ್ಸು ಹಾಗಲ್ಲ. ಅಲ್ಲಿ ಬೊಂಬೆಯ ಎದೆ ಒತ್ತಬೇಕು, ಪಕ್ಕದಲ್ಲಿ ನಿಂತು ಒಬ್ಬರು ನೋಡ್ತಾರೆ. ಐಸಿಯುಗೆ ಸೇರಿದ ಮೇಲೂ ಅಷ್ಟೇ, ಒಂದೊಂದು ಕೆಲಸವನ್ನೂ ಅನುಭವ ಇರೋ ನರ್ಸ್ ಕಣ್ಣಾರೆ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಸಹಿಗಿರೋ ತೂಕ ಪಿಡಿಎಫ್‌ಗೆ ಬರಲ್ಲ.

ಫೋನ್ ಮಾಡಿ ಪುಟ್ಟಿಗೆ ಒಂದೇ ಪ್ರಶ್ನೆ ಕೇಳಿದೆ: ರಾತ್ರಿ ಮೂರು ಗಂಟೆ, ವೆಂಟಿಲೇಟರ್ ಹೈ ಪ್ರೆಶರ್ ಅಲಾರಂ ಹೊಡೀತಿದೆ, ಏನು ಮಾಡ್ತೀಯ? ಅವಳು ತಡಬಡಾಯಿಸಲಿಲ್ಲ. "ಮೊದಲು ಮಿಷನ್ ಅಲ್ಲ, ಪೇಶೆಂಟ್ ನೋಡ್ತೀನಿ. ಎದೆ ಎರಡೂ ಕಡೆ ಏಳ್ತಿದೆಯಾ, ಆಕ್ಸಿಜನ್ ಎಷ್ಟಿದೆ, ನೋಡ್ತಾನೇ ಸಹಾಯಕ್ಕೆ ಕೂಗ್ತೀನಿ. ಟ್ಯೂಬ್ ಕಚ್ಚಿದ್ದಾರಾ, ಮಡಚಿದೆಯಾ, ಪೈಪಲ್ಲಿ ನೀರು ನಿಂತಿದೆಯಾ ನೋಡ್ತೀನಿ. ಕಫ ಇದ್ದರೆ ಸಕ್ಷನ್. ಒಂದೇ ಕಡೆ ಗಾಳಿ ಹೋಗ್ತಿದ್ರೆ ಟ್ಯೂಬ್ ಒಳಗೆ ಜಾರಿರಬಹುದು, ಇಲ್ಲ ಎದೆಯಲ್ಲಿ ಗಾಳಿ ತುಂಬಿರಬಹುದು, ಡಾಕ್ಟರ್ ತಕ್ಷಣ ಬರಬೇಕು. ಆಕ್ಸಿಜನ್ ಬೀಳ್ತಾನೇ ಇದ್ರೆ ಮಿಷನ್ನಿಂದ ಬಿಡಿಸಿ ಬ್ಯಾಗಲ್ಲಿ ಕೈಯಿಂದ ಉಸಿರು ಕೊಡ್ತೀನಿ." ಹಾಸನದಲ್ಲಿ ಒಂದು ರಾತ್ರಿ ಹೀಗೇ ಆಗಿತ್ತಂತೆ, ಕಫದ ಗಟ್ಟಿ ಗೆಡ್ಡೆ ಸಿಕ್ಕಿಕೊಂಡಿತ್ತಂತೆ. ಇದನ್ನ ಯಾಕೆ ಬರೀಲಿಲ್ಲ ಅಂದ್ರೆ, "ಅದು ದಿನಾ ಮಾಡೋ ಕೆಲಸ ಅಲ್ವಾ ದೊಡ್ಡಮ್ಮ, ಅದಕ್ಕೆ ಸರ್ಟಿಫಿಕೇಟ್ ಇಲ್ಲ" ಅಂದಳು. ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ, ಹಾಗೆ ನಂಬಿಸಿದ ನಮ್ಮೆಲ್ಲರ ಮೇಲೆ.

ಫ್ರೀ ಕೋರ್ಸೆಲ್ಲಾ ದಂಡ ಅಂತ ನಾನು ಹೇಳ್ತಿಲ್ಲ. ಇಲ್ಲಿ ಮೂರು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ಉಳಿಸಿಕೊಳ್ಳೋಕೆ 35 ಗಂಟೆ ಕಲಿಕೆ ತೋರಿಸಬೇಕು. ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದಿರಬೇಕು, ಉಳಿದದ್ದಕ್ಕೆ ಒಬ್ಬಳೇ ಕೂತು ಮಾಡಿದ ಕೋರ್ಸ್ ನಡೆಯುತ್ತೆ. ನಾನೂ ಹಾಗೇ ಮಾಡ್ತೀನಿ. ಸಂಶೋಧನಾ ನರ್ಸ್ ಕೆಲಸಕ್ಕೆ ಹೋಗೋರಿಗಂತೂ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ಸರ್ಟಿಫಿಕೇಟಿಗೆ ನಿಜವಾದ ಬೆಲೆ ಇದೆ. ಇಲ್ಲಿನ ಆಸ್ಪತ್ರೆಯವರಿಗೆ ಅದು ಫ್ರೀ, ಔಷಧಿ ಪ್ರಯೋಗದಲ್ಲಿ ಕೆಲಸ ಮಾಡೋರಿಗೆ ಅದನ್ನೇ ಕೇಳ್ತಾರೆ. ಫ್ರೀಯೋ ದುಡ್ಡೋ ಅನ್ನೋದು ಮುಖ್ಯ ಅಲ್ಲ, ಆ ಹುದ್ದೆಯ ಪಟ್ಟಿ ಅದನ್ನ ಕೇಳಿದೆಯಾ ಅನ್ನೋದು ಮುಖ್ಯ. ಪುಟ್ಟಿಯ ಹದಿನಾಲ್ಕರಲ್ಲಿ ಅಂಥದ್ದು ಒಂದೂ ಇರಲಿಲ್ಲ. ಮಧುಮೇಹದ ಆಹಾರದ ಕೋರ್ಸ್ ಐಸಿಯುಗೆ ಯಾಕೆ ಹೇಳಿ?

ವೆಂಟಿಲೇಟರ್ ಕೋರ್ಸ್ ಒಂದನ್ನ ಇಟ್ಟುಕೊಂಡೆವು, ಅದೂ ಆ ರಾತ್ರಿಯ ಕಥೆಯ ಬಾಲಕ್ಕೆ: ಹೀಗಾಯ್ತು, ಹೀಗೆ ಮಾಡಿದೆ, ಪ್ರೆಶರ್ ಯಾಕೆ ಏರಿತು ಅಂತ ಆಮೇಲೆ ಓದಿ ತಿಳ್ಕೊಂಡೆ ಅಂತ. ಉಳಿದ ಹದಿಮೂರು ಹೋದವು.

ಅರ್ಜಿಗೆ ಭಾನುವಾರ ಕೊನೇ ದಿನ. ಪುಟ್ಟಿ ಶುಕ್ರವಾರವೇ ಕಳಿಸಿದ್ದಾಳೆ. ತಂಗಿ ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ.