ಚಿತ್ರದ ನೋಟ್ಸ್ ಮತ್ತೆ ಮತ್ತೆ ಓದಿದರೆ ಪಾಠ ನೆನಪಿರುತ್ತದೆಯೇ?

ಯೂನಿಟ್ ಟೆಸ್ಟ್ ಹತ್ತಿರ ಬಂದರೆ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಬಣ್ಣಬಣ್ಣದ ನೋಟ್ಸ್ ಹರಿದಾಡುತ್ತವೆ. ಮಗು ನಾಲ್ಕು ಸಲ ಓದಿ "ಎಲ್ಲಾ ಗೊತ್ತು" ಎನ್ನುತ್ತದೆ. ಪರೀಕ್ಷೆಯಲ್ಲಿ ಮಾತ್ರ ಉತ್ತರ ಹೊಳೆಯುವುದಿಲ್ಲ. ಏಕೆ?

ಕಣ್ಣೆದುರಿನ ಉತ್ತರವನ್ನು ಗುರುತಿಸುವುದು ಸುಲಭ, ನೆನಪಿನಿಂದ ಹೇಳುವುದು ಕಷ್ಟ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಓದಿದ್ದನ್ನು ನೆನಪಿಸಿಕೊಂಡು ಬರೆದವರು ಮುಂದಿದ್ದರು. ಅವರು ಕಾಲೇಜು ವಿದ್ಯಾರ್ಥಿಗಳು. ಚಿಕ್ಕ ಮಕ್ಕಳಿಗೆ ಚಿತ್ರದ ಆಸರೆಯೂ ಬೇಕು.

'ಸಸ್ಯದ ಭಾಗಗಳು' ಪಾಠವನ್ನೇ ನೋಡೋಣ. ಒಂದು ಹಾಳೆಯಲ್ಲಿ ಟೊಮೆಟೊ ಗಿಡ ಬಿಡಿಸಿ. ಬೇರು, ಕಾಂಡ, ಎಲೆ, ಹೂ, ಹಣ್ಣುಗಳಿಗೆ ಗೆರೆ ಎಳೆದು 1ರಿಂದ 5ರವರೆಗೆ ಸಂಖ್ಯೆ ಹಾಕಿ, ಹೆಸರು ಬರೆಯಬೇಡಿ. ಹಾಳೆಯ ಹಿಂದೆ ಪ್ರತಿ ಸಂಖ್ಯೆಗೂ ಹೆಸರು ಮತ್ತು ಅದರ ಒಂದು ಕೆಲಸ ಬರೆಯಿರಿ. ಮಗು ಚಿತ್ರ ನೋಡಿ ಹೇಳಲಿ, ಆಮೇಲೆ ಹಾಳೆ ತಿರುವಿ ತಾನೇ ಸರಿನೋಡಲಿ. ತಪ್ಪಿದ್ದಕ್ಕೆ ಚುಕ್ಕೆ ಇಡಿ. ಮರುದಿನ ಚುಕ್ಕೆ ಇರುವುದನ್ನು ಮೊದಲು ಕೇಳಿ, ಟೆಸ್ಟಿನ ಹಿಂದಿನ ದಿನ ಐದನ್ನೂ ಕೇಳಿ.

ಹೆಸರು ಹೇಳಿದ ಮಾತ್ರಕ್ಕೆ ಅರ್ಥವಾಗಿದೆ ಎಂದಲ್ಲ. ಕ್ಯಾರೆಟ್, ಆಲೂಗಡ್ಡೆ ಗಿಡದ ಯಾವ ಭಾಗ ಎಂದು ಕೇಳಿ. ಮಣ್ಣಿನೊಳಗಿದೆ ಎಂದು ಎರಡನ್ನೂ ಬೇರು ಎನ್ನುವ ಮಕ್ಕಳುಂಟು. ಕ್ಯಾರೆಟ್ ಬೇರು ನಿಜ, ಆಲೂಗಡ್ಡೆ ಕಾಂಡ. ಅಡುಗೆಮನೆಯಲ್ಲಿ ಮೊಳೆತ ಆಲೂಗಡ್ಡೆ ಇದ್ದರೆ ತೋರಿಸಿ: ಅದರ ಕಣ್ಣುಗಳಿಂದ ಹೊರಟ ಚಿಗುರೇ ಕಾಂಡದ ಗುರುತು.